‘ಆ ಧಾರಾವಾಹಿ ಮತ್ತೆ ಯಾವಾಗ?’ ಎಂದು ವಾಹಿನಿಗೆ ಬರೆಯುವ ಮುನ್ನ

ಪ್ರಶ್ನೆ: 1994–95ರಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ, ಒಟ್ಟು 52 ಕಂತಿನ ಒಂದು ಧಾರಾವಾಹಿಯನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೆವು. ಅದರ ಮರುಪ್ರಸಾರ ಯಾವಾಗ ಎಂದು ಕೇಳಿ ವಾಹಿನಿಗೆ ಮೂರು ಪತ್ರ ಬರೆದೆ. ಎರಡಕ್ಕೆ ಉತ್ತರವೇ ಇಲ್ಲ. ಮೂರನೆಯದಕ್ಕೆ ‘ನಿಮ್ಮ ಸಲಹೆಯನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ’ ಎಂಬ ಒಂದು ಸಾಲು ಬಂತು. ಹಳೆಯ ಟೇಪುಗಳನ್ನೆಲ್ಲ ಅಳಿಸಿಬಿಟ್ಟಿದ್ದಾರೆ ಅಂತ ಒಬ್ಬರು ಹೇಳುತ್ತಾರೆ, ಸಾವಿರ ಜನ ಸಹಿ ಹಾಕಿ ಕಳಿಸಿದರೆ ಹಾಕೇ ಹಾಕುತ್ತಾರೆ ಅಂತ ಇನ್ನೊಬ್ಬರು. ನಮ್ಮ ಚಿಕ್ಕಪ್ಪ ಆಗ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟ ಐದು ಕ್ಯಾಸೆಟ್ ನನ್ನ ಹತ್ತಿರ ಇವೆ. ಅವು ಯಾರಿಗಾದರೂ ಉಪಯೋಗಕ್ಕೆ ಬರುತ್ತವೆಯೇ? ಮುಂದಿನ ಪತ್ರ ಹೇಗೆ ಬರೆಯಲಿ?

ಉತ್ತರ: ‘ಯಾವಾಗ’ ಎಂದು ಕೇಳಿದ್ದರಿಂದಲೇ ನಿಮಗೆ ಉತ್ತರ ಬಂದಿಲ್ಲ. ವಾಹಿನಿಯ ಕಚೇರಿಯಲ್ಲಿ ಅದಕ್ಕೆ ಉತ್ತರ ಹೇಳಬಲ್ಲವರು ಯಾರೋ ಒಬ್ಬರು ಅಂತ ಇರುವುದಿಲ್ಲ. ಧಾರಾವಾಹಿಯನ್ನು ಮತ್ತೆ ಹಾಕುವ ಹಕ್ಕು ಇದೆಯೇ ಎಂಬುದು ಒಪ್ಪಂದದ ಕಡತ ನೋಡಿಕೊಳ್ಳುವವರಿಗೆ ಗೊತ್ತು. ಟೇಪು ಇದೆಯೇ, ಓಡುತ್ತದೆಯೇ ಎಂಬುದು ಟೇಪ್ ಲೈಬ್ರರಿಯವರಿಗೆ ಗೊತ್ತು. ಹಾಕಲು ಜಾಗವಿದೆಯೇ ಎಂಬುದು ದಿನದ ವೇಳಾಪಟ್ಟಿ ಹಾಕುವವರಿಗೆ ಗೊತ್ತು. ವೀಕ್ಷಕರ ಪತ್ರ ಓದುವ ಸಿಬ್ಬಂದಿಗೆ ಈ ಮೂರರಲ್ಲಿ ಒಂದೂ ಗೊತ್ತಿರುವುದಿಲ್ಲ. ಹಾಗಾಗಿ ಅವರು ‘ಗಮನಕ್ಕೆ ತರಲಾಗಿದೆ’ ಎಂದು ಬರೆದು ಪತ್ರ ಮುಗಿಸುತ್ತಾರೆ. ಅದನ್ನು ಉಡಾಫೆ ಎಂದುಕೊಳ್ಳಬೇಡಿ, ಅವರಿಂದ ಆಗುವುದೇ ಅಷ್ಟು.

ಸಾವಿರ ಸಹಿ ಕೆಲಸ ಮಾಡುವುದು ಮೂರನೆಯ ಮೇಜಿನಲ್ಲಿ, ಅಂದರೆ ವೇಳಾಪಟ್ಟಿಯವರ ಬಳಿ ಮಾತ್ರ. ಹಕ್ಕು ಕೈಯಲ್ಲಿದ್ದು, ಟೇಪು ಸಿದ್ಧವಿದ್ದು, ಯಾವುದನ್ನು ಹಾಕೋಣ ಎಂಬ ಆಯ್ಕೆ ಉಳಿದಿದ್ದರೆ ಸಹಿಗೆ ಬೆಲೆ ಬರುತ್ತದೆ. 2020ರಲ್ಲಿ ಎಲ್ಲ ಕಡೆ ಚಿತ್ರೀಕರಣ ನಿಂತಾಗ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಜನ ಕೇಳುತ್ತಿದ್ದಾರೆಂದು ದೂರದರ್ಶನವು ‘ರಾಮಾಯಣ’ವನ್ನು ಘೋಷಿಸಿದ್ದು ಮಾರ್ಚ್ 27ರಂದು, ಪ್ರಸಾರ ಶುರುವಾದದ್ದು 28ರಂದು. ಒಂದೇ ದಿನದಲ್ಲಿ ತೆರೆಗೆ ಬರಬೇಕಾದರೆ ಕಂತುಗಳು ಪ್ರಸಾರಕ್ಕೆ ಆಗುವ ಸ್ಥಿತಿಯಲ್ಲಿ ಇದ್ದಿರಲೇಬೇಕು. ಅದೇ ಹೊತ್ತಿನಲ್ಲಿ ಜನ ಅಷ್ಟೇ ಪ್ರೀತಿಯಿಂದ ಕೇಳಿದ ಎಷ್ಟೋ ಧಾರಾವಾಹಿಗಳು ಬರಲಿಲ್ಲ. ಬೇಡಿಕೆ ಇದ್ದೂ ಅವು ಮೊದಲ ಎರಡು ಮೇಜು ದಾಟಲಿಲ್ಲ ಎಂದೇ ಲೆಕ್ಕ.

ಹಕ್ಕು ಯಾರದು

ವಾಹಿನಿಯಲ್ಲಿ ಬಂದದ್ದೆಲ್ಲ ವಾಹಿನಿಯದು ಎಂಬುದು ಬಹಳ ಜನರ ನಂಬಿಕೆ. ತೊಂಬತ್ತರ ದಶಕದ ಧಾರಾವಾಹಿಗಳು ಮುಖ್ಯವಾಗಿ ಮೂರು ಬಗೆಯಲ್ಲಿ ತಯಾರಾದವು. ಕೆಲವನ್ನು ವಾಹಿನಿಯೇ ತನ್ನ ಹಣ ಹಾಕಿ ಮಾಡಿಸಿತು, ಅಂಥವು ಸಾಮಾನ್ಯವಾಗಿ ವಾಹಿನಿಯ ಸ್ವತ್ತು. ಇನ್ನು ಕೆಲವನ್ನು ನಿರ್ಮಾಪಕರು ಪ್ರಾಯೋಜಕರ ದುಡ್ಡಿನಲ್ಲಿ ತಯಾರಿಸಿ, ವಾಹಿನಿಗೆ ಸಮಯದ ಶುಲ್ಕ ಕಟ್ಟಿ ಪ್ರಸಾರ ಮಾಡಿಸಿದರು. ಇಲ್ಲಿ ಧಾರಾವಾಹಿ ನಿರ್ಮಾಪಕರದು, ವಾಹಿನಿ ಬರೀ ದಾರಿ. ಮೂರನೆಯ ಬಗೆಯಲ್ಲಿ ವಾಹಿನಿ ‘ಇಷ್ಟು ಸಲ, ಇಷ್ಟು ವರ್ಷದೊಳಗೆ’ ಎಂಬ ಕರಾರಿನ ಮೇಲೆ ಪ್ರಸಾರದ ಹಕ್ಕನ್ನು ಮಾತ್ರ ಕೊಂಡಿತು. ಆ ಅವಧಿ ತೀರಿದ ಮೇಲೆ ಕಪಾಟಿನಲ್ಲಿ ಟೇಪು ಇದ್ದರೂ ಅದನ್ನು ಹಾಕುವಂತಿಲ್ಲ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಒಂದು ಗುರುತಿದೆ. ಕಂತಿನ ಕೊನೆಯಲ್ಲಿ ಹೆಸರುಗಳೆಲ್ಲ ಮೇಲಕ್ಕೆ ಸರಿದು ಹೋದ ಮೇಲೆ ಒಂದು ಫಲಕ ಎರಡು ಮೂರು ಸೆಕೆಂಡು ನಿಲ್ಲುತ್ತದೆ. ಅದರಲ್ಲಿ ಒಂದು ಸಂಸ್ಥೆಯ ಹೆಸರು, ಪಕ್ಕದಲ್ಲಿ © ಗುರುತು, ವರ್ಷ ಇರುತ್ತದೆ. ಮನೆಯಲ್ಲಿ ಯಾರೂ ಅದನ್ನು ನೋಡಿರುವುದಿಲ್ಲ, ಅಷ್ಟು ಹೊತ್ತಿಗೆ ಎದ್ದು ಹೋಗಿರುತ್ತಾರೆ. ನಿಮ್ಮ ಪತ್ರ ಯಾರಿಗೆ ಹೋಗಬೇಕು ಎಂಬುದನ್ನು ಹೇಳುವುದು ಆ ಫಲಕ. ಅದು ಇರುವುದು ನಿಮ್ಮ ಚಿಕ್ಕಪ್ಪನವರ ಕ್ಯಾಸೆಟ್‌ನಲ್ಲಿ! ಆ ಐದು ಕ್ಯಾಸೆಟ್‌ಗಳ ಮೊದಲ ಉಪಯೋಗ ಇದೇ.

ಫಲಕದಲ್ಲಿ ವಾಹಿನಿಯ ಹೆಸರೇ ಇದ್ದರೂ ಎಲ್ಲ ಸರಿಯಾಯಿತು ಎಂದಲ್ಲ. ಧಾರಾವಾಹಿ ಒಂದು ಕಾದಂಬರಿಯನ್ನು ಆಧರಿಸಿದ್ದರೆ ಲೇಖಕರು ಅಥವಾ ಅವರ ಮನೆಯವರು ಕೊಟ್ಟ ಅನುಮತಿ ಎಷ್ಟು ವರ್ಷಕ್ಕೆ ಎಂದು ನೋಡಬೇಕು. ನಟರ ಒಪ್ಪಂದದಲ್ಲಿ ಮರುಪ್ರಸಾರಕ್ಕೆ ಸಂಭಾವನೆ ಇದೆಯೇ ಎಂಬುದು ಇನ್ನೊಂದು ಪ್ರಶ್ನೆ. ಆದರೆ ನಿಜವಾಗಿ ಕತ್ತು ಹಿಡಿಯುವುದು ಸಂಗೀತ. ಧಾರಾವಾಹಿಗೆಂದೇ ಬರೆಸಿದ ಶೀರ್ಷಿಕೆ ಗೀತೆಯಿಂದ ಅಷ್ಟು ತೊಂದರೆಯಿಲ್ಲ. ಮದುವೆ ಮನೆಯ ದೃಶ್ಯದಲ್ಲಿ ಹಿಂದೆ ರೇಡಿಯೋದಲ್ಲಿ ಹಾಡುತ್ತಿರುವ ಸಿನಿಮಾ ಹಾಡು, ನಾಯಕನ ಕೋಣೆಯ ಟೇಪ್ ರೆಕಾರ್ಡರಿನಿಂದ ಬರುವ ಇನ್ನೊಂದು ಹಾಡು, ಇವಕ್ಕೆ ಬೇರೆ ಬೇರೆ ಕಡೆ ಅನುಮತಿ ಬೇಕು. ಹಾಡಿನ ರಚನೆಗೆ ಒಬ್ಬರು, ಅದೇ ಧ್ವನಿಮುದ್ರಣಕ್ಕೆ ಇನ್ನೊಬ್ಬರು. ಆಗ ಅನುಮತಿ ಪಡೆದಿದ್ದರೂ ಅದು ಎಷ್ಟೋ ಸಲ ಟಿವಿ ಪ್ರಸಾರಕ್ಕೆ, ಅದೂ ಸೀಮಿತ ಕಾಲಕ್ಕೆ ಮಾತ್ರ.

1988ರಿಂದ 1993ರವರೆಗೆ ಅಮೆರಿಕದಲ್ಲಿ ಬಂದ ‘ದಿ ವಂಡರ್ ಇಯರ್ಸ್’ ಪೂರ್ತಿಯಾಗಿ ಡಿವಿಡಿಯಲ್ಲಿ ಸಿಗಲು 2014 ಆಗಬೇಕಾಯಿತು. ಕಂತು ಕಂತಿನಲ್ಲೂ ಬಳಸಿದ್ದ ಜನಪ್ರಿಯ ಹಾಡುಗಳ ಹಕ್ಕು ಬಿಡಿಸಿಕೊಳ್ಳುವುದೇ ಆ ತಡಕ್ಕೆ ಮುಖ್ಯ ಕಾರಣ. ‘ಡಾರಿಯಾ’ ಎಂಬ ಇನ್ನೊಂದು ತೊಂಬತ್ತರ ಧಾರಾವಾಹಿ 2010ರಲ್ಲಿ ಡಿವಿಡಿಗೆ ಬಂದಾಗ ಮೂಲದ ಹಾಡುಗಳಲ್ಲಿ ಬಹುಪಾಲು ತೆಗೆದು ಬೇರೆ ಸಂಗೀತ ತುಂಬಿದ್ದರು. ಹೀಗೆ ಬದಲಿಸುವುದೂ ಸುಲಭವಲ್ಲ. ಮಾತು, ಸದ್ದು, ಸಂಗೀತ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಉಳಿದಿದ್ದರೆ ಸಂಗೀತವನ್ನಷ್ಟೇ ತೆಗೆಯಬಹುದು. ಅಂತಿಮ ಟೇಪಿನಲ್ಲಿ ಎಲ್ಲ ಒಟ್ಟಿಗೆ ಬೆರೆತಿದ್ದರೆ ಹಾಡು ತೆಗೆಯಲು ಹೋಗಿ ಅದರ ಮೇಲಿನ ಮಾತೂ ಹೋಗುತ್ತದೆ. ತೊಂಬತ್ತರ ದಶಕದಲ್ಲಿ, ಅದರಲ್ಲೂ ಕಡಿಮೆ ಖರ್ಚಿನ ಧಾರಾವಾಹಿಗಳಲ್ಲಿ, ಬೆರೆಸಿದ ಟೇಪು ಮಾತ್ರ ಉಳಿಸಿಕೊಳ್ಳುವುದು ಸಾಮಾನ್ಯವಾಗಿತ್ತು.

ನಿರ್ಮಾಪಕರು ತೀರಿಕೊಂಡು ಸಂಸ್ಥೆ ಮುಚ್ಚಿದ್ದರೆ ಸಂಗತಿ ಇನ್ನೂ ಜಟಿಲ. ಹಕ್ಕು ಮಾಯವಾಗುವುದಿಲ್ಲ. ಮಕ್ಕಳಿಗೆ, ಪಾಲುದಾರರಿಗೆ, ಕೆಲವೊಮ್ಮೆ ಸಾಲ ಕೊಟ್ಟವರಿಗೆ ಹೋಗಿ ಕೂತಿರುತ್ತದೆ. ಅವರಲ್ಲಿ ಒಬ್ಬರು ಸಿಗದಿದ್ದರೂ ವಾಹಿನಿಯ ವಕೀಲರು ಸಹಿ ಹಾಕುವುದಿಲ್ಲ.

ಟೇಪುಗಳ ಕಥೆ

ಅಳಿಸಿಬಿಟ್ಟಿದ್ದಾರೆ ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಹೆಚ್ಚಾಗಿ ಹಿಂದಿನ ತಲೆಮಾರಿನ ಸಂಗತಿ. ಟೇಪು ದುಬಾರಿಯಾಗಿದ್ದ 60, 70ರ ದಶಕಗಳಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೇ ಹಾಗೆ ಮಾಡಿದವು. ಬಿಬಿಸಿ ‘ಡಾಕ್ಟರ್ ಹೂ’ವಿನ ಹಲವು ಕಂತುಗಳನ್ನು ಹೀಗೇ ಕಳೆದುಕೊಂಡು ಇವತ್ತಿಗೂ ಹುಡುಕಾಟ ನಿಂತಿಲ್ಲ. ತೊಂಬತ್ತರ ಹೊತ್ತಿಗೂ ಹಳೆಯ ಟೇಪಿನ ಮೇಲೆಯೇ ಹೊಸದನ್ನು ರೆಕಾರ್ಡ್ ಮಾಡುವುದು ಇತ್ತು, ಆದರೆ ಕಂತುಗಳು ಕಳೆದುಹೋಗುವುದು ಬಹುಪಾಲು ಬೇರೆ ದಾರಿಯಲ್ಲಿ. ಕಚೇರಿ ಬದಲಾದಾಗ ಪೆಟ್ಟಿಗೆಗಳು ಗೋದಾಮಿನಲ್ಲೇ ಉಳಿದವು. ಎಡಿಟಿಂಗ್ ಸ್ಟುಡಿಯೋದ ಬಾಕಿ ತೀರಿಸದ್ದಕ್ಕೆ ಸ್ಟುಡಿಯೋದವರು ಮೂಲ ಟೇಪನ್ನು ಇಟ್ಟುಕೊಂಡರು. ಪ್ರಸಾರವಾದ ಮೇಲೆ ನಿರ್ಮಾಪಕರು ವಾಪಸು ಒಯ್ದರು, ಅವರ ಮನೆಯ ಅಟ್ಟದ ಬಿಸಿಗೆ ಟೇಪು ಹಾಳಾಯಿತು.

ಆ ಕಾಲದ ಪ್ರಸಾರದ ಟೇಪು ಹೆಚ್ಚಾಗಿ ಬೀಟಾಕ್ಯಾಮ್ ಎಸ್‌ಪಿ. ಅದು 1986ರಲ್ಲಿ ಬಂತು. ಅದಕ್ಕೂ ಹಳೆಯ ಯು-ಮ್ಯಾಟಿಕ್ ಕೂಡ ಕೆಲವು ಕಡೆ ಬಳಕೆಯಲ್ಲಿತ್ತು. ಯು-ಮ್ಯಾಟಿಕ್‌ನಲ್ಲಿ ಒಂದು ಕಾಯಿಲೆಯಿದೆ. ಕಾಂತೀಯ ಪುಡಿಯನ್ನು ಪಟ್ಟಿಗೆ ಅಂಟಿಸಿರುವ ಅಂಟು ವರ್ಷಾನುಗಟ್ಟಲೆ ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ. ಓಡಿಸಿದರೆ ಕೀರಲು ಸದ್ದು ಬರುತ್ತದೆ, ಯಂತ್ರದ ಹೆಡ್ಡಿನ ಮೇಲೆ ಕಂದು ಜಿಡ್ಡು ಮೆತ್ತಿಕೊಳ್ಳುತ್ತದೆ, ಚಿತ್ರ ಹೋಗುತ್ತದೆ. ಅಂಥ ಟೇಪನ್ನು ಪ್ರಯೋಗಾಲಯದ ಒಲೆಯಲ್ಲಿ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಲವು ಗಂಟೆ ಹದವಾಗಿ ಬಿಸಿ ಮಾಡಿದರೆ ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು. ಅಡುಗೆಮನೆಯ ಒಲೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಅದರ ಶಾಖ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ಟೇಪು ಸೊಟ್ಟಗಾಗುತ್ತದೆ. ನಿಮ್ಮ ಮನೆಯ ವಿಎಚ್‌ಎಸ್ ಕ್ಯಾಸೆಟ್‌ಗೆ ಸಾಮಾನ್ಯವಾಗಿ ಇದರ ಅಗತ್ಯವೂ ಇಲ್ಲ.

ನಿಮ್ಮ 52 ಕಂತನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಕಳೆದರೆ ಕಂತು ಸುಮಾರು 23 ನಿಮಿಷ. ಒಟ್ಟು 1,196 ನಿಮಿಷ, ಅಂದರೆ ಇಪ್ಪತ್ತು ಗಂಟೆ. ಇಪ್ಪತ್ತು ಗಂಟೆಯ ಕೆಲಸ ತಾನೇ ಎನಿಸುತ್ತದೆ. ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ ಅದು ತನ್ನ ವೇಗದಲ್ಲೇ ಓಡಬೇಕು, ಬೇಗ ಮುಗಿಸುವ ಉಪಾಯವಿಲ್ಲ. ಪ್ರತಿ ಟೇಪನ್ನೂ ಮೊದಲು ಕಣ್ಣಲ್ಲಿ ಪರೀಕ್ಷಿಸಿ, ಒಮ್ಮೆ ಪೂರ್ತಿ ಮುಂದೆ ಹಿಂದೆ ಸುತ್ತಿ, ಹೆಡ್ ಒರೆಸಿ, ಬಣ್ಣದ ಪಟ್ಟಿಗೆ ಮಟ್ಟ ಹೊಂದಿಸಿ, ಇಳಿಸಿ, ಆಮೇಲೆ ಕೂತು ನೋಡಬೇಕು. ಒಂದು ಗಂಟೆಯ ಚಿತ್ರಕ್ಕೆ ಮೂರು ಗಂಟೆ ಎಂದು ಹಿಡಿದರೆ 60 ಗಂಟೆ, ಒಂದು ಯಂತ್ರ ಒಬ್ಬ ಮನುಷ್ಯನಿಗೆ ಎಂಟು ದಿನದ ಕೆಲಸ. ಇದು ಎಲ್ಲ ಟೇಪೂ ಚೆನ್ನಾಗಿದ್ದರೆ. ಇಳಿಸಿದ ಕಡತವನ್ನು ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು 93 ಜಿಬಿ, ಇಪ್ಪತ್ತು ಗಂಟೆಗೆ 1,900 ಜಿಬಿಗೆ ತುಸು ಕಡಿಮೆ. ಈಗಿನ ಲೆಕ್ಕದಲ್ಲಿ ಅದೇನೂ ದೊಡ್ಡ ಜಾಗವಲ್ಲ. ಕೊರತೆ ಇರುವುದು ಟೇಪು ಓಡಿಸುವ ಯಂತ್ರಕ್ಕೆ, ಅದರ ಹೆಡ್ಡಿಗೆ, ಅದನ್ನು ರಿಪೇರಿ ಮಾಡಬಲ್ಲ ಕೈಗೆ. ಬೀಟಾಕ್ಯಾಮ್ ಯಂತ್ರಗಳ ತಯಾರಿಕೆ ನಿಂತು ವರ್ಷಗಳಾಗಿವೆ. ಹಾಗಾಗಿ ಲೈಬ್ರರಿಯವರು ಉಳಿದ ಯಂತ್ರದ ಗಂಟೆಗಳನ್ನು ಎಣಿಸಿ ಖರ್ಚು ಮಾಡುತ್ತಾರೆ, ಯಾವ ಟೇಪಿಗೆ ಮೊದಲ ಸರದಿ ಎಂದು ಪಟ್ಟಿ ಮಾಡಿರುತ್ತಾರೆ. ಹಕ್ಕು ಸ್ಪಷ್ಟವಿಲ್ಲದ ಧಾರಾವಾಹಿ ಆ ಪಟ್ಟಿಯ ತಳ ಸೇರುತ್ತದೆ. ಅದು ಅವರ ತಪ್ಪಲ್ಲ ಎನ್ನಬಹುದು, ಆದರೆ ನನ್ನ ಲೆಕ್ಕದಲ್ಲಿ ಆ ಕ್ರಮ ತಲೆಕೆಳಗು. ಹಕ್ಕು ಇಪ್ಪತ್ತು ವರ್ಷದ ಮೇಲೂ ಬಿಡಿಸಿಕೊಳ್ಳಬಹುದು, ಟೇಪು ಅಷ್ಟು ದಿನ ಕಾಯುವುದಿಲ್ಲ.

ಇಳಿಸಿದ ಮೇಲೂ ಒಂದು ಸಣ್ಣ ತಲೆನೋವಿದೆ. ಆಗಿನ ಕಂತುಗಳಲ್ಲಿ ಶೀರ್ಷಿಕೆ ಮುಗಿಯುತ್ತಿದ್ದಂತೆ ಪ್ರಾಯೋಜಕರ ಫಲಕವನ್ನು ಚಿತ್ರದೊಳಗೇ ಸೇರಿಸಿಬಿಡುತ್ತಿದ್ದರು, ಶೀರ್ಷಿಕೆ ಗೀತೆಯ ಕೊನೆಯ ಸಾಲು ಅದರ ಮೇಲೆ ಹರಿಯುತ್ತಿತ್ತು. ಆ ಸಾಮಾನು ಈಗ ಇಲ್ಲದಿರಬಹುದು, ಅಥವಾ ಅದರ ಜಾಹೀರಾತೇ ಈಗ ನಿಷಿದ್ಧವಾಗಿರಬಹುದು. ಫಲಕ ಕತ್ತರಿಸಿದರೆ ಹಾಡು ತುಂಡಾಗುತ್ತದೆ, ಮುಚ್ಚಿದರೆ ಅಸಹ್ಯವಾಗಿ ಕಾಣುತ್ತದೆ. ಇದನ್ನು 52 ಸಲ ಮಾಡಬೇಕು.

ಚಿತ್ರ ಮಸುಕಾಗಿದ್ದರೇನು, ಸರಿ ಮಾಡಬಹುದಲ್ಲ?

ಪತ್ರಗಳಲ್ಲಿ ಜನ ಹೀಗೆ ಕೇಳುವುದುಂಟು, ನೀವು ಕೇಳದಿದ್ದರೂ ಎರಡು ಮಾತು ಹೇಳುತ್ತೇನೆ. ಧಾರಾವಾಹಿಯನ್ನು ಫಿಲ್ಮಿನಲ್ಲಿ ಚಿತ್ರಿಸಿ, ನೆಗೆಟಿವ್ ಉಳಿದಿದ್ದರೆ ಹೊಸ ಟಿವಿಗೆ ತಕ್ಕ ಸ್ಪಷ್ಟತೆ ಸಿಗುತ್ತದೆ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಅನ್ನು ಹಾಗೆ ಮಾಡಿದರು. ಆದರೆ ಅದನ್ನು ಮೊದಲು ಸಂಕಲನ ಮಾಡಿದ್ದು ವಿಡಿಯೋ ಟೇಪಿನಲ್ಲಿ, ಹಾಗಾಗಿ ನೆಗೆಟಿವ್‌ನಿಂದ ಪ್ರತಿ ತುಣುಕನ್ನೂ ಹುಡುಕಿ, ಸಂಕಲನವನ್ನೂ ವಿಶೇಷ ದೃಶ್ಯಗಳನ್ನೂ ಹೊಸದಾಗಿ ಮಾಡಬೇಕಾಯಿತು. ವಿಡಿಯೋ ಕ್ಯಾಮೆರಾದಲ್ಲೇ ಚಿತ್ರಿಸಿದ ಧಾರಾವಾಹಿಯಲ್ಲಿ ಇರುವುದೇ 576 ಗೆರೆ (ಕೆಲವು ದೇಶಗಳಲ್ಲಿ 480), ಅದಕ್ಕಿಂತ ಹೆಚ್ಚು ವಿವರ ಎಲ್ಲಿಂದಲೂ ಬರುವುದಿಲ್ಲ.

ಇನ್ನೊಂದು, ಆಗಿನ ಚಿತ್ರದ ಅಳತೆ 4:3. ಅಗಲ ಟಿವಿ ತುಂಬಲಿ ಎಂದು ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಕಾಲು ಭಾಗ ಹೋಗುತ್ತದೆ. ನಾಯಕಿಯ ಹಣೆ, ಕೈಯಲ್ಲಿ ಹಿಡಿದ ಕಾಗದ ಎರಡೂ ಚೌಕಟ್ಟಿನ ಆಚೆ. ಎರಡು ಬದಿಗೆ ಕಪ್ಪು ಪಟ್ಟಿ ಬಿಟ್ಟು ಮೂಲದ ಅಳತೆಯಲ್ಲೇ ಹಾಕುವುದು ಸರಿಯಾದ ಕ್ರಮ. ಆದರೆ ಹಾಗೆ ಹಾಕಿದರೆ ‘ಚಿತ್ರ ಚಿಕ್ಕದಾಗಿದೆ’ ಎಂಬ ದೂರಿನ ಪತ್ರಗಳೇ ಬರುತ್ತವೆ. ಪತ್ರದಲ್ಲಿ ಒಂದು ಸಾಲು ಸೇರಿಸಿ, ‘ಮೂಲ ಅಳತೆಯಲ್ಲೇ ಹಾಕಿ, ಕಪ್ಪು ಪಟ್ಟಿ ಇದ್ದರೂ ಪರವಾಗಿಲ್ಲ’ ಎಂದು. ಇಂಥ ಮಾತು ಬರೆಯುವವರು ಕಡಿಮೆ.

ಜಾಗದ ಲೆಕ್ಕ

ವಾರಕ್ಕೊಂದರಂತೆ ನಿಮ್ಮ ಧಾರಾವಾಹಿ ಒಂದು ವರ್ಷ ಓಡಿತು. ಈಗ ಹಳೆಯದನ್ನು ಹಾಕುವುದು ಹೆಚ್ಚಾಗಿ ಮಧ್ಯಾಹ್ನ ಇಲ್ಲವೇ ತಡರಾತ್ರಿ, ಸೋಮವಾರದಿಂದ ಶುಕ್ರವಾರ ದಿನಕ್ಕೊಂದರಂತೆ. 52 ಕಂತು ಹತ್ತು ವಾರ, ಮೇಲೆ ಎರಡು ದಿನಕ್ಕೆ ಮುಗಿದುಹೋಗುತ್ತದೆ. ನೋಡುವವರಿಗೆ ಆ ಹೊತ್ತಿನ ರೂಢಿ ಹತ್ತುವಷ್ಟರಲ್ಲಿ ಧಾರಾವಾಹಿಯೇ ಇಲ್ಲ. ಅಮೆರಿಕದ ಟಿವಿಯಲ್ಲಿ ಮರುಪ್ರಸಾರಕ್ಕೆ ಮಾರಲು ನೂರು ಕಂತು ಇರಬೇಕು ಎಂಬ ಹಳೆಯ ಲೆಕ್ಕ ಹುಟ್ಟಿದ್ದು ಇದರಿಂದಲೇ, ದಿನಕ್ಕೊಂದರಂತೆ ಇಪ್ಪತ್ತು ವಾರ ಬರುತ್ತದೆ. ಹತ್ತು ವಾರದ ಜಾಗಕ್ಕಾಗಿ ಹಕ್ಕು ಬಿಡಿಸಿ, ಟೇಪು ಇಳಿಸಿ, ಫಲಕ ಕತ್ತರಿಸುವುದು ಬೇಡ ಎಂದು ವೇಳಾಪಟ್ಟಿಯವರು ಹೇಳಿದರೆ ಆಶ್ಚರ್ಯವಿಲ್ಲ. ಹಾಗಾಗಿ ದಿನವಹಿಯಾಗಿ ಹಾಕಿ ಎಂದು ಕೇಳಬೇಡಿ. ‘ಭಾನುವಾರ ಬೆಳಿಗ್ಗೆ, ಮೊದಲಿನಂತೆ ವಾರಕ್ಕೊಂದು’ ಎಂದು ಕೇಳಿ. ಹಾಗೆ ಕೇಳಿದರೆ ಅದೇ 52 ಕಂತು ವರ್ಷವಿಡೀ ಒಂದು ಜಾಗ ತುಂಬುತ್ತದೆ. ಅಥವಾ ವಾಹಿನಿಯ ಅಂತರ್ಜಾಲ ತಾಣದಲ್ಲಿ ಹಾಕಿ ಎನ್ನಬಹುದು. ಅಲ್ಲಿ ಜಾಗದ ಚಿಂತೆಯಿಲ್ಲ, ಆದರೆ ಅಂತರ್ಜಾಲದ ಹಕ್ಕು ತೊಂಬತ್ತರ ಒಪ್ಪಂದದಲ್ಲಿ ಇರುವ ಸಂಭವ ತೀರಾ ಕಡಿಮೆ, ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ನಿಮ್ಮ ಐದು ಕ್ಯಾಸೆಟ್

ವಾಹಿನಿಯ ಬಳಿ ಒಳ್ಳೆಯ ಟೇಪು ಇದ್ದರೆ ಮನೆಯ ವಿಎಚ್‌ಎಸ್ ಚಿತ್ರ ಪ್ರಸಾರಕ್ಕೆ ಬೇಕಾಗುವುದಿಲ್ಲ. ಅದರಲ್ಲಿ ವಿವರ ಸಾಕಷ್ಟು ಕಡಿಮೆ. ಆದರೆ ಲೈಬ್ರರಿಯಲ್ಲಿ 52ರಲ್ಲಿ ನಾಲ್ಕು ಕಂತು ಕಾಣೆಯಾಗಿದ್ದು, ಆ ನಾಲ್ಕರಲ್ಲಿ ಎರಡು ನಿಮ್ಮ ಹತ್ತಿರ ಇದ್ದರೆ ಲೆಕ್ಕವೇ ಬೇರೆ. ಮನೆಯಲ್ಲಿ ರೆಕಾರ್ಡ್ ಮಾಡಿದ ಪ್ರತಿಗಳಿಂದ ಕಳೆದುಹೋದ ಕಾರ್ಯಕ್ರಮ ಮರಳಿ ಸಿಕ್ಕಿದ್ದು ಎಷ್ಟೋ ಇವೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1993ರಿಂದ ಇಂಥ ಹುಡುಕಾಟವನ್ನೇ ಒಂದು ಕಾರ್ಯಕ್ರಮವಾಗಿ ನಡೆಸುತ್ತಿದೆ. 180 ನಿಮಿಷದ ಕ್ಯಾಸೆಟ್‌ನಲ್ಲಿ ಅರ್ಧ ಗಂಟೆಯ ಆರು ಕಂತು ಹಿಡಿಯುತ್ತದೆ. ಐದು ಕ್ಯಾಸೆಟ್ ಎಂದರೆ ಮೂವತ್ತು ಕಂತು ಇರಬಹುದು, ಅರ್ಧ ವೇಗದಲ್ಲಿ ರೆಕಾರ್ಡ್ ಮಾಡಿದ್ದರೆ ಇನ್ನೂ ಹೆಚ್ಚು.

ಹಾಗೆಂದು ಈಗಲೇ ವಿಸಿಆರ್‌ಗೆ ತುರುಕಬೇಡಿ. ಕ್ಯಾಸೆಟ್‌ನ ಕಿಟಕಿಯಿಂದ ಸುರುಳಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನುಣ್ಣಗೆ ಕಪ್ಪಗೆ ಇದ್ದರೆ ಒಳ್ಳೆಯದು. ಬಿಳಿ ಬೂದಿಯಂತೆ, ಜೇಡರ ಬಲೆಯಂತೆ ಕಂಡರೆ ಬೂಷ್ಟು. ಅದನ್ನು ಓಡಿಸಿದರೆ ಯಂತ್ರಕ್ಕೂ ಅಂಟಿ, ಅಲ್ಲಿಂದ ಉಳಿದ ನಾಲ್ಕಕ್ಕೂ ಹರಡುತ್ತದೆ. ಅಂಥದ್ದನ್ನು ಬೇರೆ ಚೀಲದಲ್ಲಿಟ್ಟು ವೃತ್ತಿಪರರಿಗೆ ಕೊಡಿ. ಚೆನ್ನಾಗಿರುವ ಕ್ಯಾಸೆಟ್‌ಗಳ ಬೆನ್ನಿನ ಕಡೆ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ, ಅದನ್ನು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗದು. ಒಂದು ದಿನ ಕೋಣೆಯ ಹವೆಗೆ ಬಿಟ್ಟು, ಮೊದಲು ನಿಮಗೆ ಬೇಡದ ಬೇರೊಂದು ಕ್ಯಾಸೆಟ್ ಹಾಕಿ ವಿಸಿಆರ್ ಟೇಪು ಅಗಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಿಮ್ಮ ಕ್ಯಾಸೆಟ್ ಅನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕೂತ ಸುರುಳಿ ಸಡಿಲವಾಗುತ್ತದೆ.

ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿರಬೇಕು. ‘ಸುಮ್ಮನೆ ಒಂದು ಸಲ ನೋಡೋಣ’ ಎಂದು ಹಾಕಿದಾಗಲೇ ಟೇಪು ಹರಿದದ್ದು ಬಹಳ. ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ, ಚಿತ್ರದ ಗೆರೆಗಳ ಸಮಯ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಇದ್ದರೆ ಗೆರೆಗಳು ಅಲ್ಲಾಡುವುದಿಲ್ಲ, ಮಾತು ತುಟಿಯಿಂದ ಜಾರುವುದಿಲ್ಲ. ಅದಿಲ್ಲದಿದ್ದರೆ ಅಗ್ಗದ ಇಳಿಸುವ ಯಂತ್ರ ಕೆಟ್ಟ ಚೌಕಟ್ಟುಗಳನ್ನು ಬಿಟ್ಟುಬಿಡುತ್ತದೆ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ಒಂದು ಕಡೆ, ಬಾಯಿ ಇನ್ನೊಂದು ಕಡೆ. 720×576, ಸೆಕೆಂಡಿಗೆ 25 ಚೌಕಟ್ಟು, ಗೆರೆ ಬಿಟ್ಟು ಗೆರೆ ಇರುವ ಮೂಲ ರೂಪದಲ್ಲೇ ಇಳಿಸಿ (480 ಗೆರೆಯ ದೇಶದ ಟೇಪಾದರೆ ಅದರ ಅಳತೆಯಲ್ಲಿ). FFV1 ಕಡತ ಒಳ್ಳೆಯದು, ಮೂಲದ ಒಂದು ಚುಕ್ಕೆಯೂ ಕಳೆಯದೆ ಜಾಗ ಅರ್ಧಕ್ಕಿಳಿಯುತ್ತದೆ. ಚೆಂದ ಮಾಡಲು ಹೋಗಬೇಡಿ, ಬಣ್ಣ ತಿದ್ದಬೇಡಿ. ಮುಖ್ಯವಾಗಿ, ಜಾಹೀರಾತು ಕತ್ತರಿಸಬೇಡಿ! ಪಕ್ಕದ ಜಾಹೀರಾತು, ಕಂತಿನ ನಂತರ ಬಂದ ವಾರ್ತೆಯ ಮೊದಲ ಸಾಲು, ಇವೇ ಆ ಕಂತು ಯಾವ ದಿನ ಪ್ರಸಾರವಾಯಿತು ಎಂಬುದಕ್ಕೆ ಸಾಕ್ಷಿ.

ಇಳಿಸಿದ್ದನ್ನು ವಿಡಿಯೋ ತಾಣಕ್ಕೆ ಹಾಕಿಬಿಡೋಣ ಎಂಬ ಆಸೆ ಬರುತ್ತದೆ. ಹಕ್ಕುದಾರರು ದೂರು ಕೊಟ್ಟರೆ ಅದು ಹೋಗುತ್ತದೆ, ನಿಮ್ಮ ಖಾತೆಗೂ ತೊಂದರೆ. ಅದಕ್ಕಿಂತ ಮುಖ್ಯ, ನಾಳೆ ನೀವೇ ಅದೇ ಹಕ್ಕುದಾರರ ಬಳಿ ವಿಶ್ವಾಸದಿಂದ ಮಾತಾಡಬೇಕಾದವರು. ಮೊದಲೇ ಹಾಕಿಕೊಂಡು ಹೋದರೆ ಆ ಮಾತು ಶುರುವಾಗುವ ಮೊದಲೇ ಕೆಡುತ್ತದೆ. ಯಾರು ಕೇಳಿದರೂ ನಕಲು ಕೊಡಿ, ಕ್ಯಾಸೆಟ್ ಬಿಟ್ಟುಕೊಡಬೇಡಿ. ಕೊಡಲೇಬೇಕಾದರೆ ಎಷ್ಟು, ಯಾವುವು, ಯಾವಾಗ ವಾಪಸು ಎಂದು ಬರೆಸಿಕೊಂಡು ಕೊಡಿ.

ನಾಲ್ಕನೆಯ ಪತ್ರ

ಕ್ಯಾಸೆಟ್ ನೋಡಿ ಮುಗಿಸುವವರೆಗೆ ಬರೆಯಬೇಡಿ. ಕೊನೆಯ ಫಲಕದಲ್ಲಿ ವಾಹಿನಿಯ ಹೆಸರಿದ್ದರೆ ಪತ್ರವನ್ನು ‘ಕಾರ್ಯಕ್ರಮ ಸಂಗ್ರಹ ಮತ್ತು ಹಕ್ಕುಗಳ ವಿಭಾಗ’ಕ್ಕೆ ಎಂದು ಬರೆಯಿರಿ, ಆ ಹೆಸರಿನ ವಿಭಾಗ ಇಲ್ಲದಿದ್ದರೂ ಅದು ಸರಿಯಾದ ಕೈಗೆ ತಲುಪುವ ಸಂಭವ ಹೆಚ್ಚು. ನಿರ್ಮಾಣ ಸಂಸ್ಥೆಯ ಹೆಸರಿದ್ದರೆ ಮೊದಲ ಪತ್ರ ಅವರಿಗೆ, ಪ್ರತಿ ವಾಹಿನಿಗೆ. ಹೌದು, ಇಲ್ಲ ಎಂದೋ ಒಂದೇ ಮಾತಿನಲ್ಲೋ ಹೇಳಿ ಮುಗಿಸಬಹುದಾದ ಪ್ರಶ್ನೆ ಮಾತ್ರ ಕೇಳಿ. ಧಾರಾವಾಹಿ ಎಷ್ಟು ಚೆನ್ನಾಗಿತ್ತು ಎಂಬುದಕ್ಕೆ ಒಂದು ಸಾಲು ಸಾಕು. ಹೀಗೆ ಬರೆಯಬಹುದು:

> ಮಾನ್ಯರೇ, ತಮ್ಮ ವಾಹಿನಿಯಲ್ಲಿ 1994–95ರಲ್ಲಿ ಪ್ರತಿ ವಾರ ಪ್ರಸಾರವಾದ (ಧಾರಾವಾಹಿಯ ಹೆಸರು), 52 ಕಂತು. ಕೊನೆಯ ಫಲಕದಲ್ಲಿ (ಸಂಸ್ಥೆಯ ಹೆಸರು, ವರ್ಷ) ಎಂದಿದೆ. ನಿರ್ದೇಶನ (ಹೆಸರು).
>
> ದಯವಿಟ್ಟು ತಿಳಿಸಿ: ಇದರ ಪ್ರಸಾರದ ಹಕ್ಕು ಈಗ ತಮ್ಮಲ್ಲಿದೆಯೇ, ಇಲ್ಲದಿದ್ದರೆ ಯಾರಲ್ಲಿದೆ? ಮೂಲ ಟೇಪುಗಳು ತಮ್ಮ ಸಂಗ್ರಹದಲ್ಲಿವೆಯೇ, ಎಷ್ಟು ಕಂತು? ಅವನ್ನು ಡಿಜಿಟಲ್‌ಗೆ ಇಳಿಸಲಾಗಿದೆಯೇ?
>
> ಪ್ರಸಾರದ ಸಮಯದಲ್ಲಿ ಮನೆಯಲ್ಲಿ ರೆಕಾರ್ಡ್ ಮಾಡಿದ ಈ ಕಂತುಗಳು ನನ್ನಲ್ಲಿವೆ: (ಕಂತಿನ ಸಂಖ್ಯೆಗಳು). ತಮ್ಮ ಸಂಗ್ರಹದಲ್ಲಿ ಯಾವುದಾದರೂ ಇಲ್ಲದಿದ್ದರೆ ನಕಲು ಕೊಡಲು ಸಿದ್ಧ. ಮರುಪ್ರಸಾರ ಸಾಧ್ಯವಾದರೆ ವಾರಕ್ಕೊಂದು ಕಂತಿನಂತೆ, ಮೂಲ ಅಳತೆಯಲ್ಲೇ ಹಾಕಬೇಕೆಂದು ಕೋರಿಕೆ.

ಉತ್ತರ ಬಂದರೆ ಅದರ ಪದಗಳನ್ನು ಗಮನವಿಟ್ಟು ಓದಿ. ‘ಪ್ರಸಾರದ ಹಕ್ಕು ನಮ್ಮಲ್ಲಿಲ್ಲ’ ಎಂದರೆ ಅದು ಒಳ್ಳೆಯ ಸುದ್ದಿ, ಯಾರೋ ಕಡತ ತೆಗೆದು ನೋಡಿದ್ದಾರೆ. ಈಗ ನಿರ್ಮಾಪಕರ ಬೆನ್ನು ಹಿಡಿಯಿರಿ. ‘ಲಭ್ಯವಿಲ್ಲ’ ಎಂಬ ಪದಕ್ಕೆ ಮಾತ್ರ ಎರಡು ಅರ್ಥ. ಟೇಪೇ ಇಲ್ಲ ಎಂದಿರಬಹುದು, ಟೇಪಿದೆ ಆದರೆ ಇಳಿಸಿಲ್ಲ ಎಂದೂ ಇರಬಹುದು. ‘ಟೇಪು ಇಲ್ಲವೇ, ಅಥವಾ ಇಳಿಸಿಲ್ಲವೇ?’ ಎಂದು ಒಂದೇ ಸಾಲಿನ ಪತ್ರ ಮತ್ತೆ ಹಾಕಿ. ‘ಪರಿಶೀಲನೆಯಲ್ಲಿದೆ’ ಎಂದರೆ ಮೂರು ತಿಂಗಳು ಬಿಟ್ಟು, ಹಿಂದಿನ ಉತ್ತರದ ಸಂಖ್ಯೆ, ದಿನಾಂಕ ಉಲ್ಲೇಖಿಸಿ ಕೇಳಿ. ಸರ್ಕಾರಿ ವಾಹಿನಿಯಾಗಿದ್ದು ಅಲ್ಲಿ ಮಾಹಿತಿ ಕೇಳುವ ಕಾನೂನಿದ್ದರೆ ಟೇಪಿದೆಯೇ, ಇಳಿಸಲಾಗಿದೆಯೇ ಎಂಬ ಪ್ರಶ್ನೆಗಳನ್ನು ಅದರಡಿಯಲ್ಲೇ ಕೇಳಬಹುದು. ‘ಯಾವಾಗ ಹಾಕುತ್ತೀರಿ’ ಎಂಬುದನ್ನು ಅಲ್ಲಿಯೂ ಕೇಳಬೇಡಿ, ಇನ್ನೂ ಕೈಗೊಳ್ಳದ ತೀರ್ಮಾನದ ಬಗ್ಗೆ ದಾಖಲೆ ಇರುವುದಿಲ್ಲ, ಅರ್ಜಿ ಹಾಗೇ ವಾಪಸು ಬರುತ್ತದೆ.